ಅಳೆಯಬಹುದಾದ ಕಲಿಕೆಯ ಉದ್ದೇಶ: ಐಸಿಡಿ ಬಾಟಲಿಯ ಒಂದು ಪಾಠ

ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲವನಾಗಿರಬೇಕು ಎಂಬುದನ್ನು ಪಾಠಕ್ಕೆ ಮೊದಲೇ ಹೇಳುವ ವಾಕ್ಯವೇ ಕಲಿಕೆಯ ಉದ್ದೇಶ. ನರ್ಸಿಂಗ್ ಕಾಲೇಜುಗಳ ಲೆಸನ್ ಪ್ಲಾನ್‌ನಲ್ಲಿ ಇದಕ್ಕೆಂದೇ ಒಂದು ಅಂಕಣವಿದೆ. ಸಮಯ, ನಿರ್ದಿಷ್ಟ ಉದ್ದೇಶ, ಪಾಠದ ವಿಷಯ, ಬೋಧನೆ ಮತ್ತು ಕಲಿಕೆಯ ಚಟುವಟಿಕೆ, ಮೌಲ್ಯಮಾಪನ ಎಂದು ಗೆರೆ ಎಳೆದ ಹಾಳೆಯಲ್ಲಿ ಬಹುತೇಕ ಎಲ್ಲವೂ ಆ ಎರಡನೆಯ ಅಂಕಣವನ್ನು ನಂಬಿಕೊಂಡಿರುತ್ತವೆ. ಆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ‘ವಿದ್ಯಾರ್ಥಿಗಳು ಈ ವಿಷಯದ ಬಗ್ಗೆ ಆಳವಾದ ಜ್ಞಾನ ಪಡೆಯುವರು’ ಎಂಬ ಸಿದ್ಧ ವಾಕ್ಯ. ನ್ಯುಮೋನಿಯಾ ಇರಲಿ, ಮಧುಮೇಹವಿರಲಿ, ಮೂಳೆ ಮುರಿತವಿರಲಿ, ಹೆಸರೊಂದನ್ನು ಬದಲಿಸಿದರೆ ಸಾಕು, ವಾಕ್ಯ ಹಾಗೆಯೇ ನಡೆಯುತ್ತದೆ. ಎಲ್ಲ ಪಾಠಕ್ಕೂ ಹೊಂದುವ ಉದ್ದೇಶ ಯಾವ ಪಾಠದ ಉದ್ದೇಶವೂ ಅಲ್ಲ.

ಒಂದು ಉದ್ದೇಶ ಅಳತೆಗೆ ಸಿಗುತ್ತದೆಯೇ ಎಂದು ನೋಡಲು ಸರಳ ಪರೀಕ್ಷೆ ಇದೆ. ಇಬ್ಬರು ಶಿಕ್ಷಕರು ಒಬ್ಬನೇ ವಿದ್ಯಾರ್ಥಿಯ ಕೆಲಸವನ್ನು ಬೇರೆ ಬೇರೆಯಾಗಿ ನೋಡಿ, ‘ಉದ್ದೇಶ ಈಡೇರಿದೆ’ ಅಥವಾ ‘ಇಲ್ಲ’ ಎಂಬ ಒಂದೇ ತೀರ್ಮಾನಕ್ಕೆ ಬರಬಲ್ಲರೇ? ‘ಅರಿಯುವರು’, ‘ತಿಳಿದುಕೊಳ್ಳುವರು’, ‘ಮನಗಾಣುವರು’ ಎಂಬ ಕ್ರಿಯಾಪದಗಳು ಇಲ್ಲಿ ಸೋಲುತ್ತವೆ, ಏಕೆಂದರೆ ಅರಿವು ಕಣ್ಣಿಗೆ ಬೀಳುವುದಿಲ್ಲ. ಅರಿವಿದ್ದವರು ಮಾಡುವ ಕೆಲಸ ಮಾತ್ರ ಕಣ್ಣಿಗೆ ಬೀಳುತ್ತದೆ. ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ಉದ್ದೇಶಕ್ಕೆ ಮೂರು ಭಾಗ ಬೇಕೆಂದರು: ವಿದ್ಯಾರ್ಥಿ ಮಾಡುವ ಕೆಲಸ, ಯಾವ ಪರಿಸ್ಥಿತಿಯಲ್ಲಿ ಮಾಡಬೇಕು ಎಂಬ ಷರತ್ತು, ಎಷ್ಟರ ಮಟ್ಟಿಗೆ ಮಾಡಿದರೆ ಸಾಕು ಎಂಬ ಮಾನದಂಡ. ಯಾರು ಮಾಡಬೇಕು ಎಂಬುದನ್ನೂ ಸೇರಿಸಿ ನಾಲ್ಕು ಭಾಗ ಎಂದು ನರ್ಸಿಂಗ್ ಶಿಕ್ಷಣದ ಪಠ್ಯಗಳು ಹೇಳಿಕೊಡುತ್ತವೆ.

ಮಾಡುವ ಕೆಲಸ ಬುದ್ಧಿಯಿಂದ ಎಷ್ಟು ದುಡಿಮೆ ಬೇಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಇದನ್ನು ಆರು ಹಂತಗಳಾಗಿ ವಿಂಗಡಿಸಿದರು. ಲೊರಿನ್ ಆಂಡರ್ಸನ್ ಮತ್ತು ಡೇವಿಡ್ ಕ್ರಾಥ್‌ವೋಲ್ 2001ರಲ್ಲಿ ಅದನ್ನು ಪರಿಷ್ಕರಿಸಿದ ಮೇಲೆ ಆ ಹಂತಗಳು ಹೀಗಿವೆ: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯ ಕಟ್ಟುವುದು, ಹೊಸದಾಗಿ ರಚಿಸುವುದು. ಪ್ರತಿ ಹಂತಕ್ಕೂ ಕ್ರಿಯಾಪದಗಳ ಪಟ್ಟಿಗಳು ಅಚ್ಚಾಗಿ ಹರಡಿವೆ. ಆ ಪಟ್ಟಿಗಳಿಂದ ಆದ ಉಪಕಾರದಷ್ಟೇ ಅಪಕಾರವೂ ಆಗಿದೆ. ‘ವಿಶ್ಲೇಷಿಸುವರು’ ಎಂದು ಬರೆದ ಮಾತ್ರಕ್ಕೆ ಉದ್ದೇಶ ನಾಲ್ಕನೆಯ ಹಂತಕ್ಕೆ ಏರುವುದಿಲ್ಲ. ವಿದ್ಯಾರ್ಥಿಯ ಮುಂದಿಡುವ ಸನ್ನಿವೇಶವೇ ಹಂತವನ್ನು ನಿರ್ಧರಿಸುತ್ತದೆ. ಇದು ಹೇಗೆಂದು ನೋಡಲು ಮೆಡಿಕಲ್ ಸರ್ಜಿಕಲ್ ನರ್ಸಿಂಗ್‌ನ ಒಂದೇ ಪಾಠವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಈ ವಿಷಯದ ಹೆಸರು ಅಡಲ್ಟ್ ಹೆಲ್ತ್ ನರ್ಸಿಂಗ್ ಎಂದಾಗಿದೆ. ಮಾತಿನಲ್ಲಿ ಮಾತ್ರ ಇನ್ನೂ ‘ಮೆಡ್-ಸರ್ಜ್’ ಎಂಬ ಹಳೆಯ ಹೆಸರೇ ಓಡಾಡುತ್ತಿದೆ. ಮೂರನೆಯ ಸೆಮಿಸ್ಟರ್‌ನಲ್ಲಿ ಬರುವ ಉಸಿರಾಟದ ಕಾಯಿಲೆಗಳ ಘಟಕದೊಳಗೆ ಎದೆಗೆ ಹಾಕುವ ಕೊಳವೆಯ ಆರೈಕೆಯೂ ಸೇರುತ್ತದೆ. ವಾರ್ಡಿನಲ್ಲಿ ಇದನ್ನು ಐಸಿಡಿ ಎನ್ನುತ್ತಾರೆ. ಅಪಘಾತದಲ್ಲಿ ಪಕ್ಕೆಲುಬು ಮುರಿದೋ ಕಾಯಿಲೆಯಿಂದಲೋ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವಿನ ಜಾಗದಲ್ಲಿ ಗಾಳಿ, ರಕ್ತ ಅಥವಾ ಕೀವು ತುಂಬಿಕೊಂಡರೆ ಶ್ವಾಸಕೋಶ ಕುಗ್ಗುತ್ತದೆ. ಆಗ ವೈದ್ಯರು ಪಕ್ಕೆಲುಬುಗಳ ನಡುವೆ ಕೊಳವೆ ಹಾಕಿ, ಅದರ ಇನ್ನೊಂದು ತುದಿಯನ್ನು ನೆಲದ ಹತ್ತಿರ ಇಟ್ಟ ಬಾಟಲಿಯ ನೀರಿನಲ್ಲಿ ಸುಮಾರು 2 ಸೆಂಟಿಮೀಟರ್ ಮುಳುಗುವಂತೆ ಇಡುತ್ತಾರೆ. ಎದೆಯೊಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿಗೆ ನೀರು ಅಡ್ಡ ನಿಲ್ಲುತ್ತದೆ. ರೋಗಿ ಉಸಿರಾಡಿದಂತೆ ಕೊಳವೆಯೊಳಗಿನ ನೀರು ಏರಿ ಇಳಿಯುತ್ತಿರುತ್ತದೆ. ಈ ಏರಿಳಿತ ಮತ್ತು ಗುಳ್ಳೆ ನೋಡಿಯೇ ನರ್ಸ್ ಎದೆಯೊಳಗಿನ ಸ್ಥಿತಿಯನ್ನು ಊಹಿಸುತ್ತಾರೆ.

ಈ ಪಾಠಕ್ಕೆ ಮೊದಲ ಹಂತದ ಉದ್ದೇಶ ಬರೆಯುವುದು ಸುಲಭ: ‘ಹೆಸರು ಬರೆಯದ ಚಿತ್ರವೊಂದನ್ನು ಕೊಟ್ಟಾಗ, ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿಯು ನೋಟ್ಸ್ ನೋಡದೆ ರೋಗಿಯ ಕಡೆಯ ಕೊಳವೆ, ನೀರಿನ ಮಟ್ಟ, ಗಾಳಿ ಹೊರಹೋಗುವ ದಾರಿ ಈ ಮೂರನ್ನೂ ತಪ್ಪಿಲ್ಲದೆ ಗುರುತಿಸುವರು.’ ಇಲ್ಲಿ ಚಿತ್ರ ಕೊಡುವುದು ಮತ್ತು ನೋಟ್ಸ್ ಇಲ್ಲದಿರುವುದು ಷರತ್ತು, ಗುರುತಿಸುವುದು ಕೆಲಸ, ಮೂರೂ ಸರಿಯಿರಬೇಕೆಂಬುದು ಮಾನದಂಡ. ಗಾಳಿ ಹೊರಹೋಗುವ ದಾರಿಯನ್ನು ಮರೆತವರು ಯಾವತ್ತೋ ಒಂದು ದಿನ ಅದನ್ನು ಮುಚ್ಚಿಬಿಡಬಹುದು. ಹಾಗಾಗಿ ಮೂರರಲ್ಲಿ ಎರಡು ಸರಿಯಾದರೆ ಸಾಕು ಎನ್ನುವಂತಿಲ್ಲ. ಈ ಹಂತದ ಇಂಥ ಒಂದು ಉದ್ದೇಶ ಒಂದು ಗಂಟೆಯ ಪಾಠಕ್ಕೆ ಸಾಕು. ಲೆಸನ್ ಪ್ಲಾನ್‌ಗಳಲ್ಲಿ ಕಾಣುವುದು ಇದಕ್ಕೆ ಉಲ್ಟಾ: ವ್ಯಾಖ್ಯಾನಿಸುವರು, ಪಟ್ಟಿ ಮಾಡುವರು, ಹೆಸರಿಸುವರು ಎಂದು ಮೊದಲ ಹಂತವೇ ಪುಟ ತುಂಬಿರುತ್ತದೆ.

ಎರಡನೆಯ ಹಂತದಲ್ಲಿ ತೊಡಕು ಶುರುವಾಗುತ್ತದೆ. ‘ನೀರು ಏರಿಳಿಯುವುದಕ್ಕೆ ಕಾರಣ ವಿವರಿಸುವರು’ ಎಂದು ಬರೆದರೆ ನೋಡಲು ಸರಿಯಾಗಿಯೇ ಇದೆ. ಉಸಿರು ಎಳೆದುಕೊಂಡಾಗ ಎದೆಯೊಳಗಿನ ಒತ್ತಡ ಇನ್ನಷ್ಟು ತಗ್ಗಿ ನೀರನ್ನು ಮೇಲಕ್ಕೆ ಸೆಳೆಯುತ್ತದೆ, ಉಸಿರು ಬಿಟ್ಟಾಗ ನೀರು ಇಳಿಯುತ್ತದೆ. ಆದರೆ ಈ ಎರಡು ಸಾಲನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಕಷ್ಟವಲ್ಲ. ಒಪ್ಪಿಸಿದವರಿಗೆ ಅರ್ಥವಾಗಿದೆಯೇ ಎಂದು ಹೇಳಲಾಗದು. ಅದೇ ಉದ್ದೇಶವನ್ನು ಹೀಗೆ ತಿರುಗಿಸಿ ಬರೆಯಬಹುದು: ‘ವೆಂಟಿಲೇಟರ್ ಮೇಲಿರುವ ರೋಗಿಯಲ್ಲಿ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಮುಂಗಂಡು, ಎದೆಯೊಳಗಿನ ಒತ್ತಡದ ಆಧಾರದ ಮೇಲೆ ಎರಡು ಮೂರು ವಾಕ್ಯಗಳಲ್ಲಿ ಕಾರಣ ಕೊಡುವರು.’ ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ದೂಡುತ್ತದೆ, ಆದ್ದರಿಂದ ಅಲ್ಲಿ ಎಲ್ಲವೂ ತಿರುವುಮುರುವು: ಉಸಿರು ಒಳಹೋದಾಗ ನೀರು ಇಳಿಯುತ್ತದೆ. ತರಗತಿಯಲ್ಲಿ ಸಹಜ ಉಸಿರಾಟವನ್ನಷ್ಟೇ ಹೇಳಿಕೊಟ್ಟಿದ್ದರೆ, ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ, ಒತ್ತಡದ ತತ್ವ ಹಿಡಿದವರು ದಾಟುತ್ತಾರೆ. ಶಿಕ್ಷಕರು ವೆಂಟಿಲೇಟರ್ ವಿಷಯವನ್ನೂ ತರಗತಿಯಲ್ಲೇ ಹೇಳಿಬಿಟ್ಟರೆ ಈ ಉದ್ದೇಶ ತಾನಾಗಿಯೇ ಮೊದಲ ಹಂತಕ್ಕೆ ಜಾರುತ್ತದೆ, ಒಂದಕ್ಷರ ಬದಲಾಗದೆ.

ಅನ್ವಯದ ಹಂತದಲ್ಲಿ ಕಲಿತ ವಿಧಾನವನ್ನು ಹೊಸ ಅಂಕಿ ಅಥವಾ ಹೊಸ ರೋಗಿಯ ಮೇಲೆ ನಡೆಸಬೇಕು. ಇನ್‌ಟೇಕ್ ಔಟ್‌ಪುಟ್ ಚಾರ್ಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಐಸಿಡಿ ಹಾಕುವಾಗ ಬಾಟಲಿಯಲ್ಲಿ 500 ಮಿಲಿ ಲೀಟರ್ ನೀರಿತ್ತು ಎನ್ನೋಣ. ಬೆಳಗಿನ ಡ್ಯೂಟಿ ಶುರುವಾಗುವಾಗ ಬಾಟಲಿಯ ಮಟ್ಟ 820, ಮಧ್ಯಾಹ್ನ ಓವರ್ ಕೊಡುವಾಗ 940. ಆ ಪಾಳಿಯಲ್ಲಿ ಎದೆಯಿಂದ ಹೊರಬಂದದ್ದು 120, ಐಸಿಡಿ ಹಾಕಿದಾಗಿನಿಂದ ಒಟ್ಟು 440. ಹೊಸ ವಿದ್ಯಾರ್ಥಿಗಳು ಮಾಡುವ ತಪ್ಪು ಗೊತ್ತಿರುವುದೇ: ಬಾಟಲಿ ನೋಡಿ 940 ಎಂದು ಬರೆದುಬಿಡುತ್ತಾರೆ. ಉದ್ದೇಶ ಆ ತಪ್ಪನ್ನೇ ಹಿಡಿಯುವಂತಿರಬೇಕು: ‘ಆರಂಭದ ನೀರಿನ ಪ್ರಮಾಣ ಮತ್ತು ಎರಡು ಹೊತ್ತಿನ ಬಾಟಲಿ ಮಟ್ಟ ಕೊಟ್ಟಾಗ, ಪಾಳಿಯ ಸ್ರಾವವನ್ನೂ ಒಟ್ಟು ಸ್ರಾವವನ್ನೂ ಲೆಕ್ಕ ಹಾಕಿ ಚಾರ್ಟ್‌ನ ಸರಿಯಾದ ಮನೆಯಲ್ಲಿ ಬಣ್ಣ, ವೇಳೆ ಸಹಿತ ನಮೂದಿಸುವರು.’ ಪರೀಕ್ಷೆಯಲ್ಲಿ ಅಂಕಿ ಬದಲಿಸಿ ಕೊಡಬೇಕು. ನಡುವೆ ಬಾಟಲಿ ಬದಲಾಯಿತು ಎಂಬ ಒಂದು ಮಾತು ಸೇರಿಸಿದರೆ ಲೆಕ್ಕ ಇನ್ನೂ ವಾರ್ಡಿನ ವಾಸ್ತವಕ್ಕೆ ಹತ್ತಿರವಾಗುತ್ತದೆ.

ವಿಶ್ಲೇಷಣೆಯ ಹಂತ ಈ ಪಾಠದ ನಿಜವಾದ ತಿರುಳು, ಏಕೆಂದರೆ ನರ್ಸ್ ಬಾಟಲಿಯ ಮುಂದೆ ನಿಂತಾಗ ಮಾಡಬೇಕಾದ ಕೆಲಸ ಇದೇ. ಕೊಳವೆಯ ನೀರಿನ ಏರಿಳಿತ ನಿಂತಿದೆ. ಇದಕ್ಕೆ ಎರಡು ಅರ್ಥ ಸಾಧ್ಯ, ಎರಡೂ ಒಂದಕ್ಕೊಂದು ತದ್ವಿರುದ್ಧ. ಶ್ವಾಸಕೋಶ ಪೂರ್ತಿ ಹಿಗ್ಗಿ ಕೊಳವೆಯ ಕೆಲಸ ಮುಗಿದಿರಬಹುದು. ಇಲ್ಲವೇ ಕೊಳವೆ ಮಡಚಿಕೊಂಡೋ ರಕ್ತ ಹೆಪ್ಪುಗಟ್ಟಿಯೋ ದಾರಿ ಮುಚ್ಚಿರಬಹುದು. ಮೊದಲನೆಯದು ಒಳ್ಳೆಯ ಸುದ್ದಿ, ಎರಡನೆಯದು ಅಪಾಯ. ಬಾಟಲಿ ಮಾತ್ರ ಎರಡರಲ್ಲೂ ಒಂದೇ ಥರ ಕಾಣುತ್ತದೆ.

ಇದಕ್ಕೆ ಉದ್ದೇಶ: ‘ಏರಿಳಿತ ನಿಂತಿರುವ ಇಬ್ಬರು ರೋಗಿಗಳ ಅರ್ಧ ಪುಟದ ವಿವರ ಕೊಟ್ಟಾಗ, ಯಾರಲ್ಲಿ ಕೊಳವೆ ಮುಚ್ಚಿದೆ, ಯಾರಲ್ಲಿ ಶ್ವಾಸಕೋಶ ಹಿಗ್ಗಿರುವ ಸಾಧ್ಯತೆ ಇದೆ ಎಂದು ಪ್ರತ್ಯೇಕಿಸಿ, ಪ್ರತಿ ತೀರ್ಮಾನಕ್ಕೂ ವಿವರದಿಂದಲೇ ಕನಿಷ್ಠ ಮೂರು ಆಧಾರಗಳನ್ನು ಎತ್ತಿ ತೋರಿಸುವರು.’ ಪರೀಕ್ಷೆಯ ವಿವರ ಹೀಗಿರಬಹುದು. ಮೊದಲ ರೋಗಿಗೆ 42 ವರ್ಷ, ಬೈಕಿನಿಂದ ಬಿದ್ದು ಬಲಗಡೆ ಪಕ್ಕೆಲುಬು ಮುರಿದಿದೆ, ಐಸಿಡಿ ಹಾಕಿ ಎರಡನೆಯ ದಿನ. ಬೆಳಿಗ್ಗೆ ನೀರು ಏರಿಳಿಯುತ್ತಿತ್ತು. ಈಗ ನಿಂತಿದೆ. ನಿಮಿಷಕ್ಕೆ 28 ಉಸಿರು, ಆಮ್ಲಜನಕದ ಮಟ್ಟ 90, ಬಲಗಡೆ ಉಸಿರಿನ ಸದ್ದು ಬೆಳಗಿಗಿಂತ ಕಡಿಮೆ. ‘ಸಿಸ್ಟರ್, ದಮ್ಮು ಕಟ್ಟಿದ ಹಾಗೆ ಆಗ್ತಿದೆ’ ಎನ್ನುತ್ತಾರೆ. ಮಗ್ಗುಲು ಬದಲಿಸಿದಾಗ ಕೊಳವೆ ಅವರ ಬೆನ್ನ ಕೆಳಗೆ ಸೇರಿಕೊಂಡಿದೆ. ಎರಡನೆಯ ರೋಗಿಗೆ ನಾಲ್ಕನೆಯ ದಿನ. ಏರಿಳಿತ ಎರಡು ದಿನಗಳಿಂದ ಕಡಿಮೆಯಾಗುತ್ತಾ ಬಂದು ಈಗ ನಿಂತಿದೆ. ನಿಮಿಷಕ್ಕೆ 18 ಉಸಿರು, ಆಮ್ಲಜನಕ 97, ಎರಡೂ ಕಡೆ ಉಸಿರಿನ ಸದ್ದು ಸಮ, ಕೆಮ್ಮಿದಾಗಲೂ ಗುಳ್ಳೆ ಇಲ್ಲ, ಕೊಳವೆ ಎಲ್ಲೂ ಮಡಚಿಲ್ಲ.

ಉತ್ತರ ಓದುಗರಿಗೂ ಹೊಳೆದಿರುತ್ತದೆ. ಮೊದಲನೆಯವರಲ್ಲಿ ಕೊಳವೆಯನ್ನು ಕೂಡಲೇ ಬಿಡಿಸಿ ಸರಿಪಡಿಸಿ ವೈದ್ಯರಿಗೆ ತಿಳಿಸಬೇಕು. ಎರಡನೆಯವರಲ್ಲಿ ವೈದ್ಯರಿಗೆ ವರದಿ ಮಾಡಬೇಕು, ಶ್ವಾಸಕೋಶ ಹಿಗ್ಗಿದೆ ಎಂಬುದನ್ನು ಖಚಿತಪಡಿಸುವುದು ಎಕ್ಸ್‌ರೇ. ಆದರೆ ಅಂಕ ಬೀಳಬೇಕಾದದ್ದು ಉತ್ತರಕ್ಕಿಂತ ಹೆಚ್ಚಾಗಿ ಆಧಾರಗಳಿಗೆ. ಬರೀ ತೀರ್ಮಾನ ಕೇಳಿದರೆ ಇಬ್ಬರು ರೋಗಿಗಳಲ್ಲಿ ಊಹಿಸಿ ಹೇಳಿದವರಿಗೂ ಅರ್ಧಕ್ಕರ್ಧ ಅವಕಾಶ ಇದೆ. ‘ಕನಿಷ್ಠ ಮೂರು ಆಧಾರ’ ಎಂಬ ಮಾನದಂಡ ಆ ಕಳ್ಳದಾರಿಯನ್ನು ಮುಚ್ಚುತ್ತದೆ. ವಿವರದೊಳಗೆ ಕೆಲಸಕ್ಕೆ ಬಾರದ ಒಂದೆರಡು ಸಂಗತಿಗಳೂ ಇರಬೇಕು. ರೋಗಿಯ ವಯಸ್ಸು, ಪಕ್ಕೆಲುಬು ಮುರಿದ ಬಗೆ ಈ ತೀರ್ಮಾನಕ್ಕೆ ಬೇಡ, ಆದರೆ ಕೇಸ್‌ಶೀಟಿನಲ್ಲಿ ಬೇಕಾದದ್ದೂ ಬೇಡದ್ದೂ ಬೆರೆತೇ ಇರುತ್ತದೆ. ಎಲ್ಲವೂ ಬೇಕಾದದ್ದೇ ಆಗಿದ್ದರೆ ಆಯುವ ಕೆಲಸವೇ ಇಲ್ಲ, ಆಯುವ ಕೆಲಸವಿಲ್ಲದಿದ್ದರೆ ವಿಶ್ಲೇಷಣೆಯೂ ಇಲ್ಲ.

ಐದನೆಯ ಹಂತಕ್ಕೆ ವಾರ್ಡಿನಲ್ಲಿ ದಿನವೂ ಏಳುವ ಪ್ರಶ್ನೆಯೊಂದಿದೆ. ರೋಗಿಯನ್ನು ಎಕ್ಸ್‌ರೇಗೆ ಕರೆದೊಯ್ಯುವಾಗ ಕೊಳವೆಗೆ ಕ್ಲಾಂಪ್ ಹಾಕಬೇಕೇ? ಬಾಟಲಿ ಮಗುಚಿದರೆ, ಒಡೆದರೆ ಎಂಬ ಭಯದಿಂದ ಕ್ಲಾಂಪ್ ಹಾಕುವವರಿದ್ದಾರೆ. ಆದರೆ ಶ್ವಾಸಕೋಶದಿಂದ ಗಾಳಿ ಇನ್ನೂ ಸೋರುತ್ತಿದ್ದರೆ ಕ್ಲಾಂಪ್ ಹಾಕಿದ ಕೂಡಲೇ ಅದಕ್ಕೆ ಹೊರದಾರಿ ಇಲ್ಲವಾಗುತ್ತದೆ. ಎದೆಯೊಳಗೆ ಒತ್ತಡ ಏರುತ್ತಾ ಹೋಗಿ ಹೃದಯವನ್ನೂ ಒತ್ತಿ ಜೀವಕ್ಕೇ ಸಂಚಕಾರ ತರಬಹುದು. ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೇ ಇಟ್ಟುಕೊಂಡು, ಕ್ಲಾಂಪ್ ಇಲ್ಲದೆ ಸಾಗಿಸುವುದು ಸಾಮಾನ್ಯ ನಿಯಮ. ಉದ್ದೇಶ: ‘ಇಬ್ಬರು ನರ್ಸ್‌ಗಳು ಒಬ್ಬನೇ ರೋಗಿಗೆ ಬರೆದ ಎರಡು ಸಾಗಣೆ ಯೋಜನೆಗಳನ್ನು ಕೊಟ್ಟಾಗ, ರೋಗಿಯ ಸುರಕ್ಷತೆ ಮತ್ತು ವಾರ್ಡಿನ ಪ್ರೋಟೋಕಾಲ್ ಎಂಬ ಎರಡು ಅಳತೆಗೋಲುಗಳಿಂದ ತೂಗಿ ಒಂದನ್ನು ಆರಿಸಿ, ಬಿಟ್ಟ ಯೋಜನೆಯಲ್ಲಿ ಒಪ್ಪಬಹುದಾದ ಒಂದು ಅಂಶವನ್ನೂ ಹೇಳುವರು.’ ಅಳತೆಗೋಲು ಯಾವುದೆಂದು ಉದ್ದೇಶದಲ್ಲೇ ಹೇಳದಿದ್ದರೆ ‘ಮೌಲ್ಯ ಕಟ್ಟುವರು’ ಎಂಬುದು ‘ತಮ್ಮ ಅಭಿಪ್ರಾಯ ಹೇಳುವರು’ ಎಂದಾಗಿಬಿಡುತ್ತದೆ. ಅಭಿಪ್ರಾಯಕ್ಕೆ ಅಂಕ ಕೊಡುವುದು ಹೇಗೆ?

ರಚನೆಯ ಹಂತವನ್ನು ಪ್ರತಿ ಪಾಠಕ್ಕೂ ಎಳೆದು ತರುವ ಅಗತ್ಯವಿಲ್ಲ. ಈ ಪಾಠಕ್ಕೆ ಬೇಕೆನಿಸಿದರೆ ಕ್ಲಿನಿಕಲ್ ಪೋಸ್ಟಿಂಗ್ ಕೊನೆಗೆ ಒಂದನ್ನು ಇಡಬಹುದು: ರೋಗಿಯ ಜೊತೆ ಇರುವವರಿಗೆ ಐದು ನಿಮಿಷದಲ್ಲಿ ಹೇಳಬಹುದಾದ ತಿಳಿವಳಿಕೆಯನ್ನು ಕನ್ನಡದಲ್ಲಿ ಸಿದ್ಧಪಡಿಸುವುದು. ಬಾಟಲಿಯನ್ನು ಮಂಚದ ಮೇಲೆ ಎತ್ತಿಡಬಾರದು, ಮಗ್ಗುಲಾಗುವಾಗ ಕೊಳವೆ ನೋಡಿಕೊಳ್ಳಬೇಕು, ಕೊಳವೆ ಕಳಚಿದರೆ ಕೂಗಿ ಕರೆಯಬೇಕು ಎಂಬ ಮೂರೂ ಅದರಲ್ಲಿ ಇರಲೇಬೇಕು ಎಂಬುದು ಮಾನದಂಡ. ಪಾಠವನ್ನು ಇಂಗ್ಲಿಷಿನಲ್ಲಿ ಓದಿದ ವಿದ್ಯಾರ್ಥಿ ಅದನ್ನು ರೋಗಿಯ ಹೆಂಡತಿಗೆ ಅರ್ಥವಾಗುವಂತೆ ಹೇಳುವಾಗಲೇ ಹೊಸದಾಗಿ ಕಟ್ಟುವ ಕೆಲಸ ನಡೆಯುತ್ತದೆ.

ಮಾನದಂಡದ ಬಗ್ಗೆ ಇನ್ನೊಂದು ಮಾತು. ‘ಶೇ 80ರಷ್ಟು ಸರಿಯಾಗಿ’ ಎಂಬ ಪದಗುಚ್ಛ ಉದ್ದೇಶಗಳಲ್ಲಿ ಯೋಚಿಸದೆ ನುಸುಳುತ್ತದೆ. ಐಸಿಡಿ ಇರುವ ರೋಗಿಯನ್ನು ಸಾಗಿಸುವ ಕ್ರಮದಲ್ಲಿ ಹತ್ತು ಹೆಜ್ಜೆಗಳಿವೆ ಎಂದಿಟ್ಟುಕೊಂಡರೆ, ಎಂಟು ಸರಿ ಮಾಡಿದವರು ಪಾಸು. ಬಿಟ್ಟ ಎರಡರಲ್ಲಿ ಒಂದು ‘ಬಾಟಲಿ ಎದೆಗಿಂತ ಕೆಳಗಿರಬೇಕು’ ಎಂಬುದಾದರೆ? ಬಾಟಲಿಯನ್ನು ಮೇಲೆತ್ತಿದರೆ ಅದರ ನೀರು ಎದೆಯೊಳಕ್ಕೇ ಹಿಂದಿರುಗಬಹುದು. ಆದ್ದರಿಂದ ಜೀವಕ್ಕೆ ಅಪಾಯ ತರುವ ಹೆಜ್ಜೆಗಳನ್ನು ಬೇರೆಯಾಗಿ ಗುರುತಿಸಿ, ಅವುಗಳಲ್ಲಿ ಒಂದೂ ತಪ್ಪಬಾರದು ಎಂದು ಬರೆಯುವುದು, ಉಳಿದವುಗಳಿಗೆ ಸ್ವಲ್ಪ ಸಡಿಲ ಕೊಡುವುದು ನರ್ಸಿಂಗ್‌ಗೆ ಒಪ್ಪುವ ರೀತಿ. ಶೇಕಡಾವಾರು ಲೆಕ್ಕಕ್ಕೆ ಹೆಜ್ಜೆಗಳ ನಡುವಿನ ಈ ಭೇದ ಗೊತ್ತಿರುವುದಿಲ್ಲ.

ಬುದ್ಧಿಯ ಹಂತಗಳನ್ನು ಕೈಕೆಲಸದ ಜೊತೆ ಬೆರೆಸುವುದೂ ಸಾಮಾನ್ಯ ದೋಷ. ‘ಐಸಿಡಿ ಆರೈಕೆಯನ್ನು ವಿವರಿಸಿ ಮಾಡಿ ತೋರಿಸುವರು’ ಎಂಬ ಉದ್ದೇಶದಲ್ಲಿ ಎರಡು ಕೆಲಸಗಳಿವೆ. ವಿವರಿಸಲು ಬಂದು, ಮಾಡಲು ಬಾರದವರನ್ನು ಯಾವ ಕಡೆಗೆ ಸೇರಿಸುವುದು? ಮಾಡಿ ತೋರಿಸುವುದು ಕೌಶಲದ ವಿಭಾಗಕ್ಕೆ ಸೇರಿದ್ದು, ಅದನ್ನು ಮಂಚದ ಪಕ್ಕದಲ್ಲೋ ಸ್ಕಿಲ್ ಲ್ಯಾಬ್‌ನಲ್ಲೋ ಚೆಕ್‌ಲಿಸ್ಟ್ ಹಿಡಿದು ನೋಡಬೇಕು. ಅಮೆರಿಕದ ಜಾರ್ಜ್ ಮಿಲ್ಲರ್ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿರುವ 1990ರ ವರ್ಗೀಕರಣವೂ ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು ಎಂಬ ನಾಲ್ಕನ್ನು ಬೇರೆಯಾಗಿಯೇ ಇಟ್ಟಿದೆ. ಬರವಣಿಗೆಯ ಪರೀಕ್ಷೆ ಮೊದಲ ಎರಡನ್ನು ದಾಟಿ ಹೋಗಲಾರದು. ಒಂದು ಉದ್ದೇಶಕ್ಕೆ ಒಂದೇ ಕ್ರಿಯಾಪದ ಎಂಬ ನಿಯಮ ಪಾಲಿಸಿದರೆ ಈ ಗೋಜಲು ಬಹುಪಾಲು ತಪ್ಪುತ್ತದೆ.

ಕೊನೆಗೆ ಉದ್ದೇಶ ಮತ್ತು ಪ್ರಶ್ನೆಪತ್ರಿಕೆ ಎದುರುಬದುರು ನಿಲ್ಲುತ್ತವೆ. ಲಾಂಗ್ ಎಸ್ಸೆ, ಶಾರ್ಟ್ ಎಸ್ಸೆ, ಶಾರ್ಟ್ ಆನ್ಸರ್ ಎಂಬ ಮಾದರಿಗೆ ಒಗ್ಗಿದ ಪರೀಕ್ಷೆಯಲ್ಲಿ ‘ವಾಟರ್ ಸೀಲ್ ಡ್ರೈನೇಜ್ ಇರುವ ರೋಗಿಯ ನರ್ಸಿಂಗ್ ಆರೈಕೆ ಬರೆಯಿರಿ’ ಎಂದು ಕೇಳಿದರೆ, ಲೆಸನ್ ಪ್ಲಾನ್‌ನಲ್ಲಿ ವಿಶ್ಲೇಷಣೆ ಎಂದು ಬರೆದದ್ದು ಅಲ್ಲೇ ಉಳಿಯುತ್ತದೆ. ವಿದ್ಯಾರ್ಥಿಗಳು ಓದುವುದು ಉದ್ದೇಶಗಳನ್ನಲ್ಲ, ಹಳೆಯ ಪ್ರಶ್ನೆಪತ್ರಿಕೆಗಳನ್ನು. ಅನುಭವಿ ಶಿಕ್ಷಕರು ಇದಕ್ಕಾಗಿ ಕ್ರಮವನ್ನೇ ತಲೆಕೆಳಗು ಮಾಡುತ್ತಾರೆ: ಮೊದಲು ಆ ಇಬ್ಬರು ರೋಗಿಗಳ ಪ್ರಶ್ನೆಯನ್ನೂ ಅಂಕ ಹಂಚುವ ಕ್ರಮವನ್ನೂ ಬರೆದು, ಅದಕ್ಕೆ ಉತ್ತರಿಸಬಲ್ಲವರು ಏನು ಮಾಡಬಲ್ಲವರು ಎಂದು ನೋಡಿ ಆಮೇಲೆ ಉದ್ದೇಶ ಬರೆಯುತ್ತಾರೆ.

ತರಗತಿ ಮುಗಿದ ಮೇಲೂ ಉದ್ದೇಶವನ್ನು ತಿದ್ದುವ ಕೆಲಸ ಇರುತ್ತದೆ. ಪಾಠಕ್ಕೆ ಮೊದಲು ಕೊಟ್ಟ ಕಿರುಪರೀಕ್ಷೆಯಲ್ಲೇ ಎಲ್ಲರೂ ಚಿತ್ರದ ಭಾಗಗಳನ್ನು ಗುರುತಿಸಿದರೆ ಆ ಉದ್ದೇಶ ಈ ತಂಡಕ್ಕೆ ಬೇಡ, ಅದರ ಸಮಯವನ್ನು ವಿಶ್ಲೇಷಣೆಗೆ ಕೊಡಬಹುದು. ಪಾಠದ ನಂತರವೂ ಹೆಚ್ಚಿನವರು ಎರಡನೆಯ ರೋಗಿಯಲ್ಲೂ ಕೊಳವೆ ಮುಚ್ಚಿದೆ ಎಂದೇ ಬರೆದರೆ, ‘ಏರಿಳಿತ ನಿಂತರೆ ಅಪಾಯ’ ಎಂಬ ಒಂದೇ ಸಾಲು ಅವರ ತಲೆಯಲ್ಲಿ ಉಳಿದಿದೆ ಎಂದರ್ಥ. ಆಗ ಮುಂದಿನ ತಂಡಕ್ಕೆ ಉದ್ದೇಶದ ಷರತ್ತು ಬದಲಾಗುತ್ತದೆ: ಇಬ್ಬರ ಬದಲು ಮೂವರು ರೋಗಿಗಳು, ಮೂರನೆಯವರಲ್ಲಿ ಏರಿಳಿತ ನಿಂತಿಲ್ಲ, ಗುಳ್ಳೆ ಮಾತ್ರ ಬಿಡದೆ ಬರುತ್ತಿದೆ. ಆ ಗಾಳಿ ಎದೆಯಿಂದ ಸೋರುತ್ತಿದೆಯೋ ಕೊಳವೆಯ ಜೋಡಣೆ ಸಡಿಲವಾಗಿದೆಯೋ ಎಂದು ಅವರು ಹುಡುಕಬೇಕಾಗುತ್ತದೆ.